ಸಹಿಯ ಕೆಳಗಿನ ಹುದ್ದೆ

ನಮ್ಮ ಯಜಮಾನರಿಗೆ ಊಟ ತಡವಾದರೆ ಸಿಟ್ಟು ಬರುವುದಿಲ್ಲ, ಕರೆಂಟು ಹೋದರೆ ಬರುವುದಿಲ್ಲ, ನಾನು ಮಾತಿಗೆ ಮಾತು ಕೊಟ್ಟರೂ ಬರುವುದಿಲ್ಲ. ಆದರೆ ಯಾರಾದರೂ ಅವರನ್ನು ‘ರಿಟೈರ್ಡ್’ ಅಂದುಬಿಟ್ಟರೆ ಮೂಗಿನ ತುದಿ ಕೆಂಪಾಗುತ್ತದೆ. ಬ್ಯಾಂಕಿನ ಹುಡುಗಿಯೊಬ್ಬಳು ಏನನ್ನೋ ತುಂಬುವಾಗ “ಉದ್ಯೋಗ ರಿಟೈರ್ಡ್ ಅಂತ ಬರೀಲಾ ಅಂಕಲ್?” ಎಂದು ಕೇಳಿದ್ದಕ್ಕೆ ಪಾಸ್‌ಬುಕ್ಕನ್ನು ಅಲ್ಲೇ ಬಿಟ್ಟು ಎದ್ದು ಬಂದಿದ್ದರು. ಅದನ್ನು ತರಲು ಮಾರನೆಯ ದಿನ ನಾನು ಹೋಗಬೇಕಾಯಿತು.

ಅವರು ಒಂದು ಸಣ್ಣ ವಿಜ್ಞಾನ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ನಾನು ಅದೇ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಸೇರುವ ಮಕ್ಕಳು ಕಡಿಮೆಯಾಗಿ, ಎರಡು ವರ್ಷದ ಹಿಂದೆ ಆಡಳಿತ ಮಂಡಳಿಯವರು ಕಾಲೇಜನ್ನೇ ಮುಚ್ಚಿದರು. ಬೀಗ ಹಾಕಿದ ದಿನ ನಾನು ಲೈಬ್ರರಿಯ ಕಪಾಟುಗಳ ನಡುವೆ ನಿಂತು ಮನಸಾರೆ ಅತ್ತು, ಮುಖ ತೊಳೆದುಕೊಂಡು ಮನೆಗೆ ಬಂದೆ. ನಮ್ಮ ಯಜಮಾನರು ಅಳಲೂ ಇಲ್ಲ, ಮನೆಗೆ ಬರಲೂ ಇಲ್ಲ ಎಂದೇ ನನ್ನ ಲೆಕ್ಕ. ದೇಹವೇನೋ ಬಂದು ಹಾಲಿನ ಕುರ್ಚಿಯಲ್ಲಿ ಕೂತಿತು. ಮನುಷ್ಯ ಮಾತ್ರ ಆ ಕಾಲೇಜಿನ ಮೊದಲನೆಯ ಮಹಡಿಯ ಕೋಣೆಯಲ್ಲೇ ಉಳಿದುಬಿಟ್ಟರು.

ಬೆಳಿಗ್ಗೆ ಸ್ನಾನ ಮಾಡಿ ಇಸ್ತ್ರಿ ಅಂಗಿ, ಬೆಲ್ಟು, ಶೂ ಹಾಕಿಕೊಂಡು ಹಾಲಿನ ಮೇಜಿನ ಮುಂದೆ ಕೂರುವುದು ಅವರ ಕ್ರಮ. ಮನೆಯೊಳಗೆ ಶೂ ಯಾಕೆ ಎಂದು ನಾನು ಕೇಳಿ ಕೇಳಿ ಬಾಯಿ ನೋಯಿಸಿಕೊಂಡು ಬಿಟ್ಟೆ. ಕಾಲೇಜು ಖಾಲಿ ಮಾಡಿದಾಗ ಅವರ ಕೋಣೆಯ ಸಾಮಾನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬಂದಿತ್ತು. ಅದರಲ್ಲಿ ಕಾಲೇಜಿನ ಹೆಸರು ಅಚ್ಚಾದ ಹಾಳೆಗಳ ಒಂದು ಕಟ್ಟು ಇತ್ತು, ದುಂಡು ಮೊಹರೂ ಇತ್ತು. ಅವನ್ನು ಯಾರೂ ಕೇಳಲಿಲ್ಲ, ಇವರೂ ಕೊಡಲಿಲ್ಲ.

ಹಳೆಯ ವಿದ್ಯಾರ್ಥಿಗಳು ಆಗಾಗ ಬರುತ್ತಿದ್ದರು. ಯಾರಿಗೋ ಕೆಲಸಕ್ಕೆ ನಡತೆ ಪ್ರಮಾಣಪತ್ರ ಬೇಕು, ಇನ್ಯಾರಿಗೋ ಇಂಥ ವರ್ಷ ಇಲ್ಲಿ ಓದಿದ್ದೆ ಎಂಬ ಪತ್ರ ಬೇಕು. ಕೇಳಿದ ದಿನವೇ ಕೊಡುವುದು ಇವರ ಕಾಲೇಜಿನ ಹೆಗ್ಗಳಿಕೆ. “ನನ್ನ ಮಕ್ಕಳನ್ನ ನಾಳೆ ಬಾ ಅಂತ ಒಂದು ದಿನವೂ ಕಳಿಸಿಲ್ಲ” ಎನ್ನುತ್ತಿದ್ದರು. ಹಾಳೆ ತೆಗೆದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದು, ಸಹಿ ಮಾಡಿ, ಮೊಹರು ಒತ್ತಿ, ಬಾಯಿಂದ ಊದಿ ಆರಿಸಿ ಕೊಡುತ್ತಿದ್ದರು. ತೆಗೆದುಕೊಂಡವರು ಕಾಲಿಗೆ ಬೀಳುವುದೊಂದು ಬಾಕಿ ಎನ್ನುವಷ್ಟು ಖುಷಿಯಾಗಿ ಹೋಗುತ್ತಿದ್ದರು. ಆ ದಿನ ಇವರು ರಾತ್ರಿ ಊಟಕ್ಕೆ ಒಂದು ತುತ್ತು ಜಾಸ್ತಿ ಉಣ್ಣುತ್ತಿದ್ದರು. ನನಗೂ ಅಷ್ಟೇ ಸಾಕಾಗಿತ್ತು.

ಹಾಗೆ ಬಂದವಳೇ ಸೂಜಿ. ಕಾಲೇಜಿನಲ್ಲಿ ಕಡ್ಡಿಯಂತಿದ್ದ ಅವಳಿಗೆ ಸಹಪಾಠಿಗಳು ಇಟ್ಟ ಹೆಸರು ಅದು. ಆಮೇಲೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕ ಮೇಲಂತೂ ಹೆಸರು ಅಂಟಿಕೊಂಡೇ ಬಿಟ್ಟಿತು. ಕಾಲೇಜು ಮುಚ್ಚುವ ಹಿಂದಿನ ವರ್ಷ ಪದವಿ ಮುಗಿಸಿದವಳು. ನನ್ನ ಲೈಬ್ರರಿಯಲ್ಲಿ ಬಾಗಿಲು ಹಾಕುವ ತನಕ ಕೂತು, ಕೊನೆಗೆ ನಾನು ಕುರ್ಚಿ ಎತ್ತಿಡಲು ಶುರು ಮಾಡಿದರೆ ಎದ್ದು ತಾನೂ ಎತ್ತಿಡುತ್ತಿದ್ದ ಹುಡುಗಿ. ಅಪ್ಪ ಇಲ್ಲ. ಅಮ್ಮ ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ.

ಅಂದು ಅವಳು ಫೋನು ಹಿಡಿದುಕೊಂಡೇ ಒಳಗೆ ಬಂದಳು. ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದೆ. ಅರ್ಧ ಫೀಸು ಮಾಫಿ ಮಾಡುವ ವಿದ್ಯಾರ್ಥಿವೇತನವೂ ಸಿಕ್ಕಿದೆ. ಆದರೆ ಸೀಟಿಗೆ ಒಂದು ಷರತ್ತು ಅಂಟಿಕೊಂಡಿದೆ: ಇಂಗ್ಲಿಷ್ ಬರುತ್ತದೆ ಎಂದು ತೋರಿಸಬೇಕು.

“ಪರೀಕ್ಷೆ ಬರೆದೆ ಸರ್, ಎರಡು ಸಲ. ಕೇಳೋದು, ಓದೋದು, ಮಾತಾಡೋದು ಎಲ್ಲಾ ಚೆನ್ನಾಗೇ ಬಂತು. ಬರವಣಿಗೇಲಿ ಎರಡು ಸಲವೂ ಅರ್ಧ ಅಂಕ ಕಮ್ಮಿ. ಒಟ್ಟು ಅಂಕ ಸಾಕಷ್ಟಿದೆ, ಆದ್ರೆ ಪ್ರತಿ ವಿಭಾಗದಲ್ಲೂ ಇಷ್ಟು ಇರಲೇಬೇಕು ಅಂತಾರೆ” ಎಂದಳು.

“ನಿನ್ನ ಬರವಣಿಗೆಗೆ ಅಂಕ ಕಮ್ಮಿನಾ?” ನಮ್ಮ ಯಜಮಾನರಿಗೆ ತಮ್ಮನ್ನೇ ಯಾರೋ ಫೇಲು ಮಾಡಿದಷ್ಟು ಅವಮಾನವಾಯಿತು.

“ಲ್ಯಾಬ್ ರಿಪೋರ್ಟ್ ಬರೆದ ಹಾಗೆ ಬರೀತೀನಂತೆ ಸರ್. ಅಭಿಪ್ರಾಯ ಬೆಳೆಸಿ ಬರೀಬೇಕಂತೆ. ಆ ಒಂದು ವಿಭಾಗ ಮಾತ್ರ ಮತ್ತೆ ಬರೆಯೋ ಅವಕಾಶ ಇದೆ, ಈ ವಿಶ್ವವಿದ್ಯಾಲಯದವರು ಅದನ್ನ ಒಪ್ಪಲ್ಲ. ಪೂರ್ತಿ ಪರೀಕ್ಷೆ ಮತ್ತೆ ಬರೆಯೋಣ ಅಂದ್ರೆ ಇಲ್ಲಿನ ಕೇಂದ್ರದಲ್ಲಿ ಸಿಕ್ಕೋ ತಾರೀಖು ಇವರ ಗಡುವು ಮುಗಿದ ಮೇಲೆ.”

“ಹಾಗಾದ್ರೆ ಏನು ಮಾಡೋದು?”

“ಇನ್ನೊಂದು ದಾರಿ ಕೊಟ್ಟಿದಾರೆ ಸರ್. ಪದವಿ ಪೂರ್ತಿ ಇಂಗ್ಲಿಷಲ್ಲೇ ಪಾಠ ಆಗಿ, ಪರೀಕ್ಷೆನೂ ಇಂಗ್ಲಿಷಲ್ಲೇ ಆಗಿದ್ರೆ, ಹಾಗಂತ ಓದಿದ ಸಂಸ್ಥೆಯಿಂದ ಪತ್ರ ತಂದ್ರೆ ಸಾಕು. ಎಲ್ಲಾ ಕಡೆ ಇದನ್ನ ಒಪ್ಪಲ್ಲ. ಇವರೂ ಪದವಿ ಮುಗಿದು ಐದು ವರ್ಷದೊಳಗೆ ಇದ್ರೆ ಮಾತ್ರ ಒಪ್ತಾರೆ. ನಂದು ಮೂರೇ ವರ್ಷ. ವೀಸಾಕ್ಕೂ ತೊಂದರೆ ಇಲ್ಲ, ಈ ಮಟ್ಟದ ಓದಿಗೆ ಇಂಗ್ಲಿಷ್ ಸಾಕು ಅಂತ ವಿಶ್ವವಿದ್ಯಾಲಯದವರೇ ಬರೆದುಕೊಟ್ರೆ ಆ ದೇಶದವರು ಒಪ್ಕೋತಾರೆ.”

ನಮ್ಮ ಯಜಮಾನರ ಮುಖ ಅರಳಿತು. ಆ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲೇ ಆಗಬೇಕು ಎಂದು ಹಟ ಹಿಡಿದು ನಡೆಸಿದವರು ಇವರೇ. ಹುಡುಗರಿಗೆ ಅರ್ಥವಾಗದಿದ್ದರೆ ತರಗತಿ ಮುಗಿದ ಮೇಲೆ ವರಾಂಡದಲ್ಲಿ ನಿಂತು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದರು, ಆದರೆ ಹೊಸ್ತಿಲ ಒಳಗೆ ಇಂಗ್ಲಿಷೇ. ಪುಸ್ತಕ, ಪ್ರಶ್ನೆಪತ್ರಿಕೆ, ಉತ್ತರ ಎಲ್ಲವೂ ಇಂಗ್ಲಿಷಿನಲ್ಲಿ. ಆ ಶ್ರಮಕ್ಕೆ ಸಮುದ್ರದಾಚೆಯಿಂದ ಬೆಲೆ ಬಂದಿತ್ತು. ಅವರು ಹಾಳೆ ತೆಗೆದರು.

ಆ ವಿಶ್ವವಿದ್ಯಾಲಯ ಕೇಳಿದ್ದೆಲ್ಲ ಅದರಲ್ಲಿತ್ತು. ಹುಡುಗಿಯ ಹೆಸರು, ಪದವಿ, ಓದಿದ ವರ್ಷಗಳು, ಬೋಧನೆ ಮತ್ತು ಪರೀಕ್ಷೆ ಪೂರ್ತಿ ಇಂಗ್ಲಿಷಿನಲ್ಲಿ ನಡೆದವು ಎಂಬ ಮಾತು, ತಾರೀಖು, ಸಹಿ, ಮೊಹರು. ಸಹಿಯ ಕೆಳಗೆ ‘ಪ್ರಿನ್ಸಿಪಾಲ್’ ಎಂದು ಬರೆದರು. ವಿಚಾರಿಸಲು ಸಂಸ್ಥೆಯ ಇಮೇಲು ಬೇಕು ಎಂದಿತ್ತು. ಕಾಲೇಜಿನ ಇಮೇಲು ಎಂದೋ ನಿಂತುಹೋಗಿದ್ದರಿಂದ ತಮ್ಮ ಸ್ವಂತದ್ದನ್ನು ಹಾಕಿದರು. ಸೂಜಿ ಎರಡೂ ಕೈಯಲ್ಲಿ ಪತ್ರ ತೆಗೆದುಕೊಂಡಳು. ನಾನು ಟೀ ಕೊಟ್ಟೆ. ಮೂವರಲ್ಲಿ ಒಬ್ಬರಿಗೂ ಏನೂ ತಪ್ಪು ಕಾಣಲಿಲ್ಲ. ಪತ್ರ ಬೇಕಾದರೆ ಪ್ರಿನ್ಸಿಪಾಲರ ಹತ್ತಿರ ಹೋಗುವುದು, ಪ್ರಿನ್ಸಿಪಾಲರು ಆ ದಿನವೇ ಕೊಡುವುದು, ನಮಗೆ ಗೊತ್ತಿದ್ದ ಲೋಕ ಅಷ್ಟೇ.

ಮೂರನೆಯ ವಾರದಲ್ಲಿ ಸೂಜಿ ಮತ್ತೆ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. ಲ್ಯಾಬಿನ ಬಿಳಿ ಕೋಟು ಇನ್ನೂ ಮೈಮೇಲೇ ಇತ್ತು. ಫೋನನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತಳು. ಯಜಮಾನರು ಕನ್ನಡಕ ಏರಿಸಿಕೊಂಡು ಓದಿದರು. ಓದುತ್ತಾ ಓದುತ್ತಾ ಅವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿದ್ದನ್ನು ನಾನು ಅಡುಗೆಮನೆಯ ಬಾಗಿಲಿಂದ ನೋಡಿದೆ.

ಪ್ರವೇಶ ವಿಭಾಗದವರು ಪತ್ರವನ್ನು ಖಚಿತಪಡಿಸಿಕೊಳ್ಳಲು ಹೋಗಿದ್ದಾರೆ. ಸ್ವಂತ ಇಮೇಲನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಕಾಲೇಜಿನ ಹಳೆಯ ವಿಳಾಸಕ್ಕೆ ಬರೆದರೆ ವಾಪಸು ಬಂದಿದೆ. ಪದವಿ ಕೊಟ್ಟ ನಮ್ಮ ವಿಶ್ವವಿದ್ಯಾಲಯದ ಜಾಲತಾಣ ನೋಡಿದರೆ ಆ ಕಾಲೇಜು ಎರಡು ವರ್ಷದ ಹಿಂದೆಯೇ ಮುಚ್ಚಿದೆ. ಪತ್ರದ ತಾರೀಖು ಮಾತ್ರ ಈ ತಿಂಗಳದ್ದು. ಇಲ್ಲದ ಕಾಲೇಜಿನ ಪ್ರಿನ್ಸಿಪಾಲರು ಪತ್ರ ಕೊಡಲು ಹೇಗೆ ಸಾಧ್ಯ? ಈ ದಾಖಲೆ ನಕಲಿ ಇರಬಹುದೆಂಬ ಅನುಮಾನವಿದೆ, ಮುಂದಿನ ಶುಕ್ರವಾರದೊಳಗೆ ವಿವರಣೆ ಕೊಡದಿದ್ದರೆ ಸೀಟನ್ನು ಹಿಂತೆಗೆದುಕೊಂಡು, ಕಾರಣವನ್ನು ಕಡತದಲ್ಲಿ ದಾಖಲಿಸುತ್ತೇವೆ ಎಂದು ಬರೆದಿದ್ದರು. ಬೈಗುಳ ಒಂದೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಭಯವಾಯಿತು.

“ಕಡತದಲ್ಲಿ ದಾಖಲಿಸೋದು ಅಂದ್ರೆ?” ನಾನು ಕೇಳಿದೆ.

“ಮುಂದೆ ಎಲ್ಲಿ ಅರ್ಜಿ ಹಾಕಿದ್ರೂ, ಹಿಂದೆ ಸುಳ್ಳು ದಾಖಲೆ ಕೊಟ್ಟಿದ್ದೀಯಾ ಅಂತ ಕೇಳ್ತಾರೆ ಮೇಡಂ. ವೀಸಾದವರೂ ಕೇಳ್ತಾರೆ.” ಸೂಜಿ ಫೋನನ್ನು ಮೇಜಿನಿಂದ ಎತ್ತಿಕೊಂಡಳು. “ಸೀಟು ಹೋದ್ರೆ ಹೋಗ್ಲಿ ಅನ್ನಬಹುದು. ಇದು ಹೋಗಲ್ಲ.”

ಯಜಮಾನರು ಕನ್ನಡಕ ತೆಗೆದರು. “ನನ್ನ ಸಹಿ ನಕಲಿನಾ? ಇಪ್ಪತ್ತಾರು ವರ್ಷ ಹಾಕಿದ ಸಹಿ! ಬರೀತೀನಿ ಇರು. ನಾನೇ ಬರೀತೀನಿ.”

ಬರೆದರು ನೋಡಿ, ಮೂರು ಪುಟ! ಕಾಲೇಜಿನ ಸ್ಥಾಪನೆಯಿಂದ ಹಿಡಿದು ತಾವು ಗ್ರಾಮರ್ ಕಲಿಸಿದ ಕ್ರಮದವರೆಗೂ ಬರೆದರು. ‘ನಾನೇ ಪ್ರಿನ್ಸಿಪಾಲ್, ಇದು ನನ್ನದೇ ಸಹಿ’ ಎಂಬ ಮಾತು ಅದರಲ್ಲಿ ನಾಲ್ಕು ಕಡೆ ಬಂದಿತ್ತು. ಅದೇ ಕಾಲೇಜಿನ ಹಾಳೆಯ ಮೇಲೆ, ಅದೇ ಮೊಹರು. ಸೂಜಿ ಅದನ್ನು ತೆಗೆದುಕೊಂಡು ಬಾಗಿಲ ತನಕ ಹೋಗಿ ನನ್ನ ಮುಖ ನೋಡಿದಳು. ಬೆಂಕಿ ಆರಿಸಲು ಎಣ್ಣೆ ಸುರಿದ ಹಾಗಿದೆ ಎಂದು ಇಬ್ಬರಿಗೂ ಗೊತ್ತಾಯಿತು. “ಕಳಿಸಬೇಡ. ನಾಳೆ ರಜೆ ಹಾಕು, ನಾನೂ ಬರ್ತೀನಿ” ಎಂದು ಮೆಲ್ಲಗೆ ಹೇಳಿ ಕಳಿಸಿದೆ.

ಮಾರನೆಯ ದಿನ ನಾವಿಬ್ಬರೂ ನಮ್ಮ ವಿಶ್ವವಿದ್ಯಾಲಯದ ಆಡಳಿತ ಕಟ್ಟಡಕ್ಕೆ ಹೋದೆವು. ಅಣ್ಣನ ಮಗಳ ಮನೆಗೆ ಹೋಗಿಬರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಮುಚ್ಚಿದ ಕಾಲೇಜುಗಳ ದಾಖಲೆ ನೋಡಿಕೊಳ್ಳುವ ವಿಭಾಗ ಎರಡನೆಯ ಮಹಡಿಯ ತುದಿಯಲ್ಲಿತ್ತು. ಉದ್ದ ಕೋಣೆ, ಗೋಡೆಯ ಉದ್ದಕ್ಕೂ ಕಬ್ಬಿಣದ ಕಪಾಟು, ತಿರುಗುವಾಗ ಕೀಚ್ ಎನ್ನುವ ಫ್ಯಾನು. ಅಲ್ಲಿನ ಸೂಪರಿಂಟೆಂಡೆಂಟ್ ನನ್ನ ವಯಸ್ಸಿನ ಹೆಂಗಸು. ನಮ್ಮ ಕಥೆಯನ್ನು ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಸರ್ಕಾರಿ ಮೇಜಿನ ಆಚೆ ಕೂತವರು ಅಷ್ಟು ಹೊತ್ತು ಸುಮ್ಮನೆ ಕೇಳಿದ್ದನ್ನು ನಾನು ಅಂದೇ ನೋಡಿದ್ದು.

“ಅಮ್ಮಾ, ಕಾಲೇಜು ಮುಚ್ಚಿದ ಮೇಲೆ ಆ ಕಾಲೇಜಿನ ಪರವಾಗಿ ಮಾತಾಡೋ ಹಕ್ಕು ನಮ್ಮ ರಿಜಿಸ್ಟ್ರಾರ್‌ಗೆ ಮಾತ್ರ. ಪದವಿ ಕೊಟ್ಟವರು ನಾವು. ನಿಮ್ಮ ಕಾಲೇಜಿನ ಮಾಧ್ಯಮ ಇಂಗ್ಲಿಷು ಅಂತ ನಮ್ಮ ಸಂಯೋಜನೆಯ, ಅಂದ್ರೆ ಅಫಿಲಿಯೇಷನ್ನಿನ ದಾಖಲೆಯಲ್ಲೇ ಇದೆ, ವಿಜ್ಞಾನದ ಪರೀಕ್ಷೆಗಳೂ ಇಂಗ್ಲಿಷಲ್ಲೇ. ಮೊದಲೇ ಇಲ್ಲಿಗೆ ಬಂದಿದ್ರೆ ಈ ಪತ್ರ ಯಾವತ್ತೋ ಸಿಕ್ತಿತ್ತು” ಎಂದರು.

ಸೂಜಿ ಕುರ್ಚಿಯ ಅಂಚಿಗೆ ಬಂದಳು. “ಈಗ ಕೊಡಬಹುದಾ ಮೇಡಂ?”

“ಕೊಡಬಹುದು. ರಿಜಿಸ್ಟ್ರಾರ್ ಸಹಿ ಆದ ಮೇಲೆ ನಮ್ಮ ಕಚೇರಿಯ ಇಮೇಲಿಂದಲೇ ನೇರ ಅವರಿಗೆ ಕಳಿಸ್ತೀವಿ, ಹಾಗೆ ಹೋದ್ರೆ ಅವರು ನಂಬ್ತಾರೆ. ಆದ್ರೆ ಅದರಿಂದ ಗೊತ್ತಾಗೋದು ನೀನು ಇಂಗ್ಲಿಷಲ್ಲಿ ಓದಿದೀಯ ಅಂತ ಮಾತ್ರ. ಮೊದಲು ಕೊಟ್ಟ ಕಾಗದ ಯಾರು ಮಾಡಿದ್ದು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ. ಮುಚ್ಚಿದ ಕಾಲೇಜಿನ ಹಾಳೆ, ಮೊಹರು ಹುಡುಗಿಯ ಕೈಗೆ ಹೇಗೆ ಬಂತು? ಅವಳೇ ಮಾಡಿಸಿಕೊಂಡಳು ಅಂತಾರೆ.”

“ಹಾಗಾದ್ರೆ?” ಎಂದೆ. ಉತ್ತರ ಏನು ಬರುತ್ತದೆಂದು ನನಗೆ ಆಗಲೇ ಗೊತ್ತಾಗಿತ್ತು.

“ಸಹಿ ಹಾಕಿದವರು ಬರೆದುಕೊಡಬೇಕು. ಸಹಿ ನಂದೇ, ಹುಡುಗಿ ನಕಲಿ ಮಾಡಿಲ್ಲ, ಆದ್ರೆ ಸಹಿ ಹಾಕಿದ ದಿನ ನಾನು ಪ್ರಿನ್ಸಿಪಾಲ್ ಆಗಿರಲಿಲ್ಲ, ನನಗೆ ಆ ಅಧಿಕಾರ ಇರಲಿಲ್ಲ ಅಂತ. ಇಷ್ಟನ್ನ ಬಿಳಿ ಹಾಳೆ ಮೇಲೆ ಬರೆದು ಸಹಿ ಮಾಡ್ಲಿ. ಉಳಿದ ಹಾಳೆಗಳನ್ನೂ ಮೊಹರನ್ನೂ ಇಲ್ಲಿಗೆ ಒಪ್ಪಿಸಬೇಕು. ಅವು ಮುಚ್ಚಿದ ದಿನವೇ ನಮಗೆ ಬರಬೇಕಿತ್ತು.” ಆಮೇಲೆ ಸ್ವಲ್ಪ ಮೆತ್ತಗಾಗಿ, “ಅವರನ್ನ ಬೈಯ್ಯೋದಕ್ಕೆ ಹೇಳ್ತಿಲ್ಲಮ್ಮ. ನಾನೂ ಅವರ ಹೆಸರು ಕೇಳಿದೀನಿ” ಎಂದರು.

ಬಸ್ಸಿನಲ್ಲಿ ಸೂಜಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ‘ರಿಟೈರ್ಡ್’ ಎಂಬ ಪದಕ್ಕೇ ಪಾಸ್‌ಬುಕ್ಕು ಬಿಟ್ಟು ಬಂದ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು? ಜಗಳವಾಡಿ ಹೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಅತ್ತು ಹೇಳಿದರೆ ನನಗೇ ಸಮಾಧಾನ ಮಾಡಿ ಕೂರಿಸುತ್ತಾರೆ.

ಮನೆ ಗೇಟಿನ ಹತ್ತಿರ ಹುಡುಗಿ ನಿಂತುಬಿಟ್ಟಳು. “ಬೇಡ ಮೇಡಂ.”

“ಏನು ಬೇಡ?”

“ಸರ್ ಹತ್ರ ಅದನ್ನ ಬರೆಸೋದು ಬೇಡ. ರಿಜಿಸ್ಟ್ರಾರ್ ಪತ್ರ ಮಾತ್ರ ಹೋಗ್ಲಿ. ಮೊದಲನೇದು ನನ್ನದೇ ತಪ್ಪು ಅಂತ ನಾನು ಬರೆದುಕೊಡ್ತೀನಿ.”

“ಹುಚ್ಚಿ! ನೀನೇ ನಕಲಿ ಮಾಡಿದೆ ಅಂತ ಒಪ್ಕೋತೀಯಾ?”

“ಒಪ್ಕೊಂಡ್ರೆ ಏನಾಗುತ್ತೆ, ಹೋಗಲ್ಲ ಅಷ್ಟೇ. ಇಲ್ಲೇ ಕೆಲಸ ಇದೆಯಲ್ಲ. ಅವರಿಗೆ ಉಳಿದಿರೋದು ಅದೊಂದೇ ಮೇಡಂ. ಅದನ್ನ ನಾನು ಕಿತ್ಕೊಳ್ಳಲಾ?”

ಹೇಳಿದ್ದು ಪಿಸುಮಾತಿನಲ್ಲಲ್ಲ. ಹಾಲಿನ ಕಿಟಕಿ ತೆರೆದಿತ್ತು. ಒಳಗೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ನಾನು ಹುಡುಗಿಯನ್ನು ಅವಳ ಮನೆಗೆ ಕಳಿಸಿ ಒಳಗೆ ಹೋದೆ.

ಅವರು ಮೇಜಿನ ಪಕ್ಕದಲ್ಲಿ ನಿಂತಿದ್ದರು. “ಅಣ್ಣನ ಮಗಳು ಹೇಗಿದ್ದಾಳೆ?” ಎಂದು ಕೇಳಿದರು. ಸಿಕ್ಕಿಬಿದ್ದ ಹುಡುಗರನ್ನು ಅವರು ಕೇಳುತ್ತಿದ್ದ ಧಾಟಿಯೇ ಅದು.

ಜೋಡಿಸಿಟ್ಟ ಮಾತೆಲ್ಲ ಗಾಳಿಗೆ ಹೋಯಿತು. ಸೂಪರಿಂಟೆಂಡೆಂಟ್ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಿಂತೇ ಕೇಳಿದರು.

“ಆ ಪತ್ರದಲ್ಲಿ ಸುಳ್ಳು ಏನಿದೆ?” ಎಂದರು ಕೊನೆಗೆ. “ಅವಳು ಓದಿದ್ದು ಸುಳ್ಳಾ? ನಾನು ಇಂಗ್ಲಿಷಲ್ಲಿ ಪಾಠ ಮಾಡಿದ್ದು ಸುಳ್ಳಾ? ನೀನೇ ಹೇಳು, ನೀನಿದ್ದೆಯಲ್ಲ ಅಲ್ಲಿ.”

“ಎಲ್ಲಾ ನಿಜ ರೀ. ಒಂದೊಂದು ಅಕ್ಷರವೂ ನಿಜ. ಸಹಿಯೂ ನಿಮ್ಮದೇ. ಅದರ ಕೆಳಗೆ ಬರೆದಿದ್ದೀರಲ್ಲ, ಅದೊಂದು ಪದ ಮಾತ್ರ ಸುಳ್ಳು.”

ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಏನೇನೋ ಅಂದಿದ್ದೇನೆ. ಜಿಪುಣ ಅಂದಿದ್ದೇನೆ, ಮೊಂಡು ಅಂದಿದ್ದೇನೆ. ಒಂದು ಸಲ ಅವರ ತಂಗಿಯ ಎದುರಿಗೇ ನಿಮಗೆ ಬುದ್ಧಿಯಿಲ್ಲ ಅಂದಿದ್ದೇನೆ. ಅವೆಲ್ಲಕ್ಕೂ ನಕ್ಕುಬಿಟ್ಟಿದ್ದರು. ಈ ಮಾತಿಗೆ ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಮುಖ ಒಮ್ಮೆಗೇ ಮುದುಕರ ಮುಖವಾಯಿತು. ನಾನು ಹೇಳಿದ್ದು ನಿಜವೇ ಆಗಿದ್ದರೂ, ಹೇಳಿದ ನಾಲಿಗೆಯನ್ನು ಕಚ್ಚಿಕೊಳ್ಳುವಷ್ಟು ಸಂಕಟವಾಯಿತು.

ಆಮೇಲೆ ಅವರು ಕೂತು ಶೂ ಬಿಚ್ಚಿದರು. ಒಳಗೆ ಹೋಗಿ ಮುಖ ತೊಳೆದು ಬಂದರು. ಮನೆಯಲ್ಲಿ ಹುಡುಕಿ ಒಂದು ಬಿಳಿ ಹಾಳೆ ಕೊಡು ಎಂದರು. ಕೊಟ್ಟೆ.

ಮೊದಲ ಸಲ ಬರೆದಾಗ ‘ಪ್ರಿನ್ಸಿಪಾಲನ ಜವಾಬ್ದಾರಿ ನನ್ನ ಮೇಲೆ ಈಗಲೂ ನೈತಿಕವಾಗಿ ಇರುವುದರಿಂದ’ ಎಂದು ಶುರು ಮಾಡಿದ್ದರು. ಓದಿ ತೋರಿಸಿದರು. ಅವರೇ ಹರಿದರು. ಎರಡನೆಯ ಸಲ ‘ತಾಂತ್ರಿಕವಾಗಿ’ ಎಂಬ ಮಾತು ಬಂತು. ಅದನ್ನೂ ಹರಿದರು. “ಮೂರು ಪುಟ ಬರೆಯೋದು ಸುಲಭ ಇತ್ತು ಕಣೇ” ಎಂದರು. ನಗಲು ನೋಡಿದರು, ಆಗಲಿಲ್ಲ. ನಾನು ಎದುರಿಗೆ ಕೂತು ಸೊಪ್ಪು ಬಿಡಿಸುತ್ತಾ ಇದ್ದೆ. ಎದ್ದು ಹೋಗಲು ಮನಸ್ಸಾಗಲಿಲ್ಲ.

ಸಂಜೆಯ ಬೆಳಕು ಕಿಟಕಿಯಲ್ಲಿರುವಾಗಲೇ ಬರೆದು ಮುಗಿಸಿದರು. ಐದು ಸಾಲು. ಮೊದಲಿನ ಪತ್ರದ ಸಹಿ ತನ್ನದೇ. ಆ ತಾರೀಖಿಗೆ ತಾನು ಪ್ರಿನ್ಸಿಪಾಲ್ ಆಗಿರಲಿಲ್ಲ, ಕಾಲೇಜು ಮುಚ್ಚಿದ ದಿನವೇ ಆ ಹುದ್ದೆ ಮುಗಿದಿತ್ತು, ಅಂಥ ಪತ್ರ ಕೊಡುವ ಅಧಿಕಾರ ತನಗಿರಲಿಲ್ಲ. ಹುಡುಗಿ ನಂಬಿ ಕೇಳಿದಳು, ತಾನು ಅಭ್ಯಾಸಬಲದಿಂದ ಕೊಟ್ಟಿದ್ದು. ಅವಳ ಓದಿನ ವಿಚಾರವನ್ನು ರಿಜಿಸ್ಟ್ರಾರ್ ಅವರಿಂದ ಖಚಿತಪಡಿಸಿಕೊಳ್ಳಬೇಕು. ಸಹಿ ಹಾಕಿ, ಕೆಳಗೆ ಬರೀ ತಮ್ಮ ಹೆಸರು ಬರೆದರು.

ಮಾರನೆಯ ಬೆಳಿಗ್ಗೆ ಮೂವರೂ ಹೋದೆವು. ಹಾಳೆಗಳ ಕಟ್ಟನ್ನೂ ಮೊಹರನ್ನೂ ಅವರೇ ಹಿಡಿದುಕೊಂಡಿದ್ದರು, ಸೂಜಿ ಕೇಳಿದರೂ ಕೊಡಲಿಲ್ಲ. ಬಸ್ಸಿನಲ್ಲಿ ಹುಡುಗಿ ಒಂದು ಸಲ “ಸರ್, ಸಾರಿ” ಎಂದಳು. ಇವರು ಕೇಳಿಸದವರಂತೆ “ಅಲ್ಲಿ ಚಳಿ ಜಾಸ್ತಿಯಂತೆ, ಒಳ್ಳೆ ಕೋಟು ತಗೋ” ಎಂದರು.

ಸೂಪರಿಂಟೆಂಡೆಂಟ್ ಎದ್ದು ನಿಂತು ನಮಸ್ಕಾರ ಮಾಡಿದರು. ಪತ್ರ ಓದಿ, ಅದಕ್ಕೆ ಇವರ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ ಬದಿಗಿಟ್ಟರು. ಹಾಳೆಗಳನ್ನು ಎಣಿಸದೇ ಅಡ್ಡಗೆರೆ ಎಳೆದು ರದ್ದು ಎಂದು ಬರೆದರು. ಮೊಹರಿಗೆ ಬಂದಾಗ ಡ್ರಾಯರಿನಿಂದ ಬ್ಲೇಡು ತೆಗೆದು ಇವರ ಮುಖ ನೋಡಿದರು.

“ಮೊಹರನ್ನ ಬಳಸೋಕೆ ಆಗದ ಹಾಗೆ ಮಾಡಬೇಕು ಸರ್, ನಿಯಮ. ನೀವು ಹೊರಗೆ ಕೂತಿರಿ ಬೇಕಾದ್ರೆ.”

“ಬೇಡಮ್ಮ. ಇಲ್ಲಿ ಕೊಡಿ” ಎಂದರು.

ಬ್ಲೇಡು ತೆಗೆದುಕೊಂಡು ರಬ್ಬರಿನ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೀರು ಎಳೆದರು. ರಬ್ಬರಿನ ಚೂರುಗಳನ್ನು ಬೆರಳಿನಿಂದ ಒತ್ತಿ ಎತ್ತಿ ಕಸದ ಬುಟ್ಟಿಗೆ ಹಾಕಿದರು. ಸೂಜಿ ಗೋಡೆಯ ಕಡೆ ತಿರುಗಿ ನಿಂತಿದ್ದಳು. ದಿನಕ್ಕೆ ನೂರು ಜನರ ಕೈಗೆ ಸೂಜಿ ಚುಚ್ಚುವ ಹುಡುಗಿಗೆ ಅದನ್ನು ನೋಡಲಾಗಲಿಲ್ಲ. ನಾನು ನೋಡಿದೆ. ಯಾರಾದರೂ ಒಬ್ಬರು ಅವರ ಜೊತೆ ನೋಡಬೇಕಿತ್ತು.

ರಿಜಿಸ್ಟ್ರಾರ್ ಸಹಿಯಾಗಿ ಪತ್ರ ಗುರುವಾರ ಹೋಯಿತು, ಇವರ ಐದು ಸಾಲೂ ಅದರ ಜೊತೆಗೆ. ಗಡುವು ಕಳೆದರೂ ಆ ಕಡೆಯಿಂದ ಉತ್ತರವಿಲ್ಲ. ಆ ದಿನಗಳಲ್ಲಿ ಇವರು ಮೇಜಿನ ಮುಂದೆ ಕೂರಲಿಲ್ಲ. ಹಿತ್ತಲಿನಲ್ಲಿ ಗಿಡದ ಬುಡ ಕೆದಕುತ್ತಾ ಇರುತ್ತಿದ್ದರು, ಫೋನು ಬಡಿದುಕೊಂಡರೆ ಮಣ್ಣಿನ ಕೈಯಲ್ಲೇ ಒಳಗೆ ಓಡಿ ಬರುತ್ತಿದ್ದರು. ನನಗಂತೂ ಜೀವ ಕೈಯಲ್ಲಿ ಹಿಡಿದ ಹಾಗಾಗಿತ್ತು. ಇಷ್ಟು ಮಾಡಿಯೂ ಹುಡುಗಿಗೆ ಸಿಗದೇ ಹೋದರೆ ಈ ಮನುಷ್ಯನಿಗೆ ಏನು ಹೇಳಲಿ ಎಂಬ ಭಯ.

ಉತ್ತರ ಬಂದ ದಿನ ಸೂಜಿ ಅಮ್ಮನನ್ನೂ ಕರೆದುಕೊಂಡು ಬಂದಳು. ಅವಳ ಅಮ್ಮ ಬಾಗಿಲಲ್ಲೇ ಅಳುತ್ತಿದ್ದುದರಿಂದ ಒಂದು ಕ್ಷಣ ಎಲ್ಲ ಮುಗಿಯಿತು ಎಂದುಕೊಂಡೆ. ಆಮೇಲೆ ಆಕೆ ನಗುತ್ತಲೂ ಇದ್ದಾರೆ ಎಂದು ಗೊತ್ತಾಯಿತು. ರಿಜಿಸ್ಟ್ರಾರ್ ಪತ್ರವನ್ನು ಒಪ್ಪಿದ್ದಾರೆ, ಮೊದಲಿನ ಪತ್ರವನ್ನು ಪರಿಗಣಿಸುವುದಿಲ್ಲ, ವಿದ್ಯಾರ್ಥಿನಿಯ ಮೇಲೆ ಯಾವ ಟಿಪ್ಪಣಿಯೂ ಇಲ್ಲ, ಇಂಗ್ಲಿಷಿನ ಷರತ್ತು ಪೂರೈಸಿದೆ. ಇವರು ಹಿತ್ತಲಿಂದ ಬಂದು, ಕೈ ಒರೆಸಿಕೊಂಡು, ಹಾಲಿನಲ್ಲಿ ನಿಂತು ಕೇಳಿದರು.

“ರಿಜಿಸ್ಟ್ರಾರ್ ಪತ್ರದ ಪ್ರತಿ ಇದೆಯಾ?” ಎಂದು ಕೇಳಿದರು. “ಓದು ನೋಡೋಣ.”

ಸೂಜಿ ನಿಂತು ಇಂಗ್ಲಿಷಿನಲ್ಲಿ ಓದಿದಳು, ತರಗತಿಯಲ್ಲಿ ಎದ್ದು ನಿಂತು ಓದಿದ ಹಾಗೆ. ಇವರು ಕಣ್ಣು ಮುಚ್ಚಿಕೊಂಡು ತಪ್ಪು ಹುಡುಕುವವರಂತೆ ಕೇಳಿದರು. ಕಾಲೇಜಿನ ಹೆಸರು ಬಂತು, ವರ್ಷಗಳು ಬಂದವು, ಬೋಧನೆ ಪೂರ್ತಿ ಇಂಗ್ಲಿಷಿನಲ್ಲಿ ನಡೆಯಿತು ಎಂಬ ಸಾಲು ಬಂತು. ಆ ಪಾಠ ಮಾಡಿದವರು ಯಾರೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಸಹಿಯ ಹತ್ತಿರ ಬಂದು ಅವಳು ಓದು ನಿಲ್ಲಿಸಿದಳು.

“ಕೆಳಗೆ?” ಎಂದರು ಇವರು, ಕಣ್ಣು ತೆರೆಯದೆ.

“ಕೆಳಗೆ ರಿಜಿಸ್ಟ್ರಾರ್ ಸಹಿ ಸರ್. ಆಮೇಲೆ ಅವರ ಹುದ್ದೆ.”

“ಸರಿಯಾಗಿದೆ” ಎಂದರು. “ಹಾಗೇ ಇರಬೇಕು.” ಕಣ್ಣು ತೆರೆದಾಗ ಅವು ತುಂಬಿದ್ದವು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ. ಕಾಲೇಜಿಗೆ ಬೀಗ ಹಾಕಿ ಎರಡು ವರ್ಷವಾದ ಮೇಲೆ, ನಮ್ಮ ಯಜಮಾನರು ಮನೆಗೆ ಬಂದರು.